ಸ್ಟೆಂಟ್ ಆದ್ಮ್ಯಾಲ ಚೀಲ ಎತ್ತೋ ಕೆಲ್ಸಕ್ಕ ಯಾವಾಗ ಹೋಗ್ಬೇಕು?

ಕೇಳಿದವರು, ಕಲಬುರಗಿ: ನಮ್ಮನೆಯವ್ರಿಗೆ 48 ವರ್ಷ, ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿ 5 ವಾರ ಆಯ್ತು. ದಿನಾ ಮುಂಜಾನೆ ಅರ್ಧ ತಾಸು ನಡೀತಾರ, ಏನೂ ತ್ರಾಸಿಲ್ಲ. ದಾಲ್ ಮಿಲ್‌ನಾಗ 50 ಕಿಲೋ ತೊಗರಿ ಚೀಲ ಎತ್ತೋ ಕೆಲ್ಸ. ಮಾಲಕರು ಬಾ ಅಂತಾರ, ಕಳಿಸ್ಲೇನ್ರಿ? ಊಟದಾಗ ಏನ್ ಬಿಡ್ಬೇಕು?

ಸೇಡಂನವ: ನಮ್ಮ ಕಾಕಾ 3 ವಾರಕ್ಕೇ ಡ್ಯೂಟಿಗೆ ಹೋದ್ರು ಅಕ್ಕಾ, ಆರಾಮ್ ಅದಾರ. ನಡದ್ರ ದಮ್ಮು ಹತ್ತಲಿಲ್ಲಂದ್ರ ಕಳಿಸ್ರಿ. ಉಪ್ಪು ಬಿಟ್ಟು ಸೈಂಧವ ಲವಣ ಹಾಕ್ರಿ, ಅದು ಎಷ್ಟ್ ತಿಂದ್ರೂ ನಡೀತದ.

ಫಿಸಿಯೋ: ತಮ್ಮಾ, ಕಾಕಾಂದು ಕುರ್ಚಿ ಕೆಲ್ಸ ಇದ್ದೀತು, ಅದಕ್ಕಾದ್ರ 3 ವಾರ ನಡೀತದ. ಚೀಲದ ಲೆಕ್ಕ ಬ್ಯಾರೆ. ನಡಿವಾಗ ಉಸಿರು ಆಡ್ತಿರ್ತದ, 50 ಕಿಲೋ ಎತ್ತುವಾಗ ಮನಷ್ಯಾ ಉಸಿರು ಬಿಗಿಹಿಡಿದು ಮುಕ್ಕತಾನ, ಬಿಪಿ ಒಮ್ಮೆಲೆ ಏರ್ತದ. ಎಕೋ, ಟಿಎಂಟಿ ಮಾಡಿಸ್ರಿ ಅಕ್ಕಾ, ಆದ್ರ ಟಿಎಂಟಿನೂ ನಡಿಗಿದೇ ಪರೀಕ್ಷಾ, ಚೀಲದ್ದಲ್ಲ.

ನನ್ನ ಕಡಿ ಬಂದ ಒಬ್ಬ ಹಮಾಲಗ 6ನೇ ವಾರಕ್ಕ ಟಿಎಂಟಿ ಛಲೋ ಬಂತು. ಎರಡು ವಾರ ಅರ್ಧ ದಿನ ಬರೇ ಚೀಲ ಹೊಲಿಯೋದು, ತೂಕ ಬರೆಯೋದು. ನಮ್ಮಲ್ಲಿ 2 ಕಿಲೋದಿಂದ ಸುರು ಮಾಡಿ 5, ಆಮ್ಯಾಲ 10, ಎತ್ತುವಾಗ ಬಾಯಿಲೆ ಉಸಿರು ಬಿಡ್ಬೇಕು. ಮೆಟೊಪ್ರೊಲಾಲ್ ತಗೋತಿದ್ದ, ಆ ಗುಳಿಗಿ ನಾಡಿ ಏರಗೊಡಲ್ಲ, ಅದಕ್ಕ ನಾಡಿ ಎಣಿಸಿ ಉಪಯೋಗಿಲ್ಲ ಅಂತ ಮಾತಾಡಿಸಿ ನೋಡ್ತಿದ್ದೆ, ಒಂದು ವಾಕ್ಯ ಪೂರ್ತಿ ಹೇಳ್ಲಾಕ ಆಗಲಿಲ್ಲಂದ್ರ ಜಾಸ್ತಿ ಆಗ್ಯಾದಂತ. 9ನೇ ವಾರ ಆ ಮನಷ್ಯಾ ಯಾರಿಗೂ ಹೇಳದ ಮಧ್ಯಾಹ್ನದ ಬಿಸಲಾಗ ಪೂರಾ ಚೀಲ ಎತ್ತಿದ, ಕಣ್ಣು ಕತ್ತಲಿಟ್ಟು ಕುಂತ. ಬಿಪಿ ಇಳದಿತ್ತು, ಗುಳಿಗಿ ಮತ್ತ ಬಿಸಲು ಎರಡೂ ಕೂಡಿ. 12ನೇ ವಾರಕ್ಕ 25 ಕಿಲೋ ಎತ್ತಿದ, ಪೂರಾ ಚೀಲ ಇಬ್ಬರೇ ಹಿಡೀಬೇಕು ಅಂತ ಡಾಕ್ಟರ್ ಹೇಳ್ಯಾರ.

ಕೆಲ್ಸದಾಗ ಎದಿ ಬಿಗಿ ಹಿಡದ್ರ ಬಿಟ್ಟು ಕುಂಡ್ರಬೇಕು, ಡಾಕ್ಟರ್ ಕೊಟ್ಟ ನಾಲಿಗಿ ಕೆಳಗಿನ ಗುಳಿಗಿ ಇಡ್ಬೇಕು, 5 ನಿಮಿಷಕ್ಕ ಹೋಗಲಿಲ್ಲಂದ್ರ 108.

ಬೀದರ್: ನಮ್ಮವ್ವಗ ಬೈಪಾಸ್ ಆಗಿ ತಿಂಗಳಾಯ್ತು, ನೀರಿನ ಕೊಡ ಎತ್ತಬಹುದೇನ್ರಿ?

ಫಿಸಿಯೋ: ಬ್ಯಾಡ್ರಿ, ಅಲ್ಲಿ ಎದಿ ಎಲುಬು ಕೂಡಬೇಕು, ಸರ್ಜನ್ ಹೇಳೋತನಕ ಕೊಡ ಮುಟ್ಟಿಸಬ್ಯಾಡ್ರಿ. ಇಲ್ಲಿ ಕೇಳಿದ್ದು ಸ್ಟೆಂಟಿಂದು.

ಯಾದಗಿರಿ ಅಕ್ಕ: ಸೈಂಧವನೂ ಉಪ್ಪೇ ತಮ್ಮಾ! ನಮ್ಮ ಯಜಮಾನ್ರಿಗೆ ಅಟ್ಯಾಕ್ ಆದ್ಮ್ಯಾಲ ಒಬ್ಬರಿಗೆ ದಿನಕ್ಕ ಒಂದು ಚಾ ಚಮಚಾ ಉಪ್ಪು, ಅದಕ್ಕಿಂತ ಕಮ್ಮಿನೇ, ಅಂತ ಹೇಳಿದ್ರು. ಜ್ವಾಳದ ರೊಟ್ಟಿ, ಬ್ಯಾಳಿ, ಪುಂಡಿಪಲ್ಯ ಎಲ್ಲಾ ಆತದ, ಉಪ್ಪು ಇರೋದು ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿಯಾಗ. ಹಿಂಡಿ ಉಪ್ಪು ಹಾಕದ ಬ್ಯಾರೆ ಕುಟ್ಟಿ ಇಟ್ಟೀನಿ, ಎರಡು ವಾರ ಸಿಟ್ಟಿಲೇ ಉಂಡ್ರು. ಮಿರ್ಚಿ ಭಜಿ ಮಾತ್ರ ಇನ್ನೂ ಕದ್ದು ತಿಂತಾರ, ನಂಗೊತ್ತು.

ಕೇಳಿದವರು: ಹೊಲಿಯೋ ಕೆಲ್ಸ ಮಾಲಕರು ಕೊಡ್ತಾರೋ ಇಲ್ಲೋ, ದಿನಗೂಲಿ ಅದ ನಮ್ದು.

ಫಿಸಿಯೋ: ಎಷ್ಟ್ ಕಿಲೋತನಕ ಎತ್ತಬಹುದಂತ ಡಾಕ್ಟರ್ ಕಡಿಂದ ಚೀಟಿಯಾಗ ಬರೆಸ್ಕೊಂಡು ಒಯ್ರಿ, ಬರೇ "ಹಗುರ ಕೆಲ್ಸ" ಅಂತ ಬರೆಸಿದ್ರ 30 ಕಿಲೋನೂ ಹಗುರ ಅಂತಾರ.

ಸೇಡಂನವ: ಮಾಲಕ ಚೀಟಿ ಓದ್ತಾನಂತೀರಾ ಸರ?