ಸಹಾಯ ಬೇಕು: ಇನ್‌ವಾಯ್ಸ್ ಮೇಲ್‌ನಲ್ಲಿ ಹೊಸ ಖಾತೆ ವಿವರ ಹೇಗೆ ಬರೆಯೋದು?

ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನ ಬ್ಯಾಂಕ್ ಖಾತೆ ಬದಲಾಗಿದೆ. ಹಳೆಯದು ಇನ್ನೂ ಮುಚ್ಚಿಲ್ಲ, ತೊಂದರೆ ಇರೋದೇ ಅಲ್ಲಿ. ಒಬ್ಬ ಗ್ರಾಹಕರು ತಮ್ಮ ಬ್ಯಾಂಕಿನಲ್ಲಿ ಸೇವ್ ಆಗಿದ್ದ ಹಳೇ ಖಾತೆಗೇ ಹಣ ಹಾಕಿದ್ದಾರೆ. ಇನ್ನೊಬ್ಬರು, ಖಾತೆ ಬದಲಾಗಿದೆ ಅಂತ ಮೇಲ್ ಬಂದರೆ ಮೋಸ ಇರಬಹುದು ಅಂತ ಪಾವತಿ ತಡೆಹಿಡಿದಿದ್ದಾರೆ. ಅವರ ಅನುಮಾನ ಸರಿಯೇ ಅನ್ನಿ.

ಸದ್ಯ ಹೀಗೆ ಬರೆದಿದ್ದೇನೆ:

"ಇನ್‌ವಾಯ್ಸ್ 214ರ ಹಣವನ್ನು 3906ರಲ್ಲಿ ಕೊನೆಯಾಗುವ ಹೊಸ ಖಾತೆಗೆ ಕಳಿಸಿ. ಪೂರ್ತಿ ವಿವರ ಲಗತ್ತಿಸಿದ ಪಿಡಿಎಫ್‌ನಲ್ಲಿದೆ. 7718ರಲ್ಲಿ ಕೊನೆಯಾಗುವ ಹಳೇ ಖಾತೆಯನ್ನು ನಿಮ್ಮ ಪಟ್ಟಿಯಿಂದ ತೆಗೆಯಿರಿ. ಹಣ ಕಳಿಸುವ ಮೊದಲು, ನಿಮ್ಮ ಬಳಿ ಮೊದಲಿನಿಂದ ಇರುವ ನಮ್ಮ ಫೋನ್ ನಂಬರಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ."

ಮೇಲ್‌ನಲ್ಲಿ ಫೋನ್ ನಂಬರ್ ಬೇಕಂತಲೇ ಹಾಕಿಲ್ಲ. ಮೇಲ್ ನಕಲಿಯಾಗಿದ್ದರೆ ಅದರಲ್ಲಿರೋ ನಂಬರೂ ನಕಲಿನೇ, ಅಲ್ವಾ?

ಇನ್ನೊಂದು ತಲೆನೋವು. ನಮ್ಮ ಹೊಸ ಖಾತೆ ನಂಬರ್ ಎರಡು ಸೊನ್ನೆಯಿಂದ ಶುರುವಾಗುತ್ತದೆ. ಎಕ್ಸೆಲ್‌ಗೆ ಹಾಕಿದರೆ ಆ ಸೊನ್ನೆಗಳು ಮಾಯ. ಹಾಗಾಗಿ "ಒಟ್ಟು 12 ಅಂಕಿ, ಮೊದಲೆರಡು ಸೊನ್ನೆ" ಅಂತ ಪಿಡಿಎಫ್‌ನಲ್ಲಿ ನಂಬರಿನ ಕೆಳಗೇ ಸೇರಿಸಿದ್ದೇನೆ. ಹೆಸರು ತಾಳೆ ನೋಡದೆ ನಂಬರ್ ಮಾತ್ರ ನೋಡಿ ಹಣ ಹಾಕುವ ಬ್ಯಾಂಕುಗಳೂ ಇವೆ. ಅಂಕಿ ತಪ್ಪಿದರೆ ಹಣ ಬೇರೆಯವರ ಪಾಲು.

ನನ್ನ ಪ್ರಶ್ನೆ: ಪೂರ್ತಿ ನಂಬರ್ ಮೇಲ್‌ನಲ್ಲೂ ಇರಬೇಕಾ, ಪಿಡಿಎಫ್‌ನಲ್ಲಿ ಮಾತ್ರ ಸಾಕಾ? ಎರಡು ಕಡೆ ಇದ್ದರೆ ಮುಂದೆ ಒಂದನ್ನು ಬದಲಿಸಿ ಇನ್ನೊಂದು ಹಾಗೇ ಉಳಿಯೋ ಭಯ. ಅಕೌಂಟ್ಸ್ ಕೆಲಸದಲ್ಲಿರೋರು ನೀವು ಹೇಗೆ ಮಾಡ್ತೀರಿ ಅಂತ ದಯವಿಟ್ಟು ಹೇಳಿ.