ಪಿಡಿಎಫ್‌ನಿಂದ ವರ್ಡ್‌ಗೆ ಮರಳಿದ ವರದಿ: ಸಾಲುಗಳು ಒಡೆಯುವುದೇಕೆ?

ಗದಗ ತಾಲ್ಲೂಕಿನ ಸಹಕಾರಿ ಸಂಘದ ಕಾರ್ಯದರ್ಶಿ: ನಮ್ಮ 38 ಪುಟಗಳ ವಾರ್ಷಿಕ ವರದಿಯ ಮೂಲ ಕಡತ ಕಳೆದುಹೋಗಿ, ಪಿಡಿಎಫ್ ಮಾತ್ರ ಉಳಿದಿದೆ. ವರ್ಡ್‌ನಲ್ಲಿ ತೆರೆದರೆ ‘ಕನ್ನಡ’ ಎಂಬುದು PÀ£ÀßqÀ ಎಂದು ಕಾಣುತ್ತದೆ. ಒಂದು ಪದ ಸೇರಿಸಿದರೂ ಸಾಲಿನ ಕೊನೆಯ ಪದ ಒಂಟಿಯಾಗಿ ಕೆಳಗೆ ಬೀಳುತ್ತದೆ. ಏನು ಮಾಡಬೇಕು, ಡಿಟಿಪಿ ಕೇಂದ್ರದ ಮೇಡಂ?

ಧಾರವಾಡದ ಸದಸ್ಯರು: ನುಡಿ ಫಾಂಟ್ ಹಾಕಿಕೊಳ್ಳಿ, ಎಲ್ಲವೂ ಸರಿಯಾಗುತ್ತದೆ.

ನವಲಗುಂದದ ಸದಸ್ಯರು: ಬೇರೆ ಗುಂಪಿನಲ್ಲಿ ಬಂದದ್ದು: ಮೊದಲು Ctrl+A, ಆಮೇಲೆ Ctrl+Space. ಕಸವೆಲ್ಲ ಒಂದೇ ಸಲಕ್ಕೆ ಹೋಗುತ್ತದೆ.

ಹುಬ್ಬಳ್ಳಿಯ ಡಿಟಿಪಿ ಕೇಂದ್ರದವರು: ಕಾರ್ಯದರ್ಶಿಗಳೇ, ನವಲಗುಂದದವರ ಉಪಾಯವನ್ನು ದಯವಿಟ್ಟು ಮುಟ್ಟಬೇಡಿ. ನುಡಿಯ ಹಳೆಯ ಫಾಂಟಿನಲ್ಲಿ ಬರೆದದ್ದು ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ಅದು PÀ£ÀßqÀ ಎಂಬ ಲ್ಯಾಟಿನ್ ಅಕ್ಷರಗಳ ಸಾಲು, ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್ ಮಾತ್ರ. Ctrl+Space ಆ ಫಾಂಟನ್ನೇ ತೆಗೆದುಹಾಕುತ್ತದೆ. ಆ ಬಳಿಕ ಇಡೀ ಕಡತಕ್ಕೆ ನುಡಿ ಹಾಕಿದರೆ, ನಡುವೆ ಇದ್ದ ಇಂಗ್ಲಿಷ್ ಹೆಸರುಗಳೂ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ, ಯಾವುದು ಮೊದಲು ಇಂಗ್ಲಿಷ್ ಆಗಿತ್ತು ಎಂಬ ಗುರುತೂ ಉಳಿಯುವುದಿಲ್ಲ. ಕಳೆದ ವರ್ಷ ಒಬ್ಬ ಗಿರಾಕಿ ಹೀಗೆ ಕೆಡಿಸಿಕೊಂಡು ತಂದ ಕಡತವನ್ನು ನಾನು ಎರಡು ದಿನ ಕೂತು ಕಣ್ಣಿನಿಂದಲೇ ಸರಿಮಾಡಿದ್ದೇನೆ.

ಧಾರವಾಡದವರು ಹೇಳಿದ್ದು ಅರ್ಧ ಸರಿ. PÀ£ÀßqÀ ಎಂದು ಕಂಡರೆ ಸಂಕೇತಗಳು ಉಳಿದಿವೆ ಎಂದರ್ಥ, ಆದ್ದರಿಂದ Nudi 01 e ಹಾಕಿದರೆ ಕನ್ನಡ ಕಾಣುತ್ತದೆ. ಚೌಕಗಳೋ ಪ್ರಶ್ನಾರ್ಥಕ ಚಿಹ್ನೆಗಳೋ ಬಂದಿದ್ದರೆ ಫಾಂಟ್ ಏನೂ ಮಾಡದು. ಆದರೆ ಸಾಲು ಒಡೆಯುವುದಕ್ಕೂ ಫಾಂಟಿಗೂ ಸಂಬಂಧವಿಲ್ಲ. ಸಾಮಾನ್ಯ ಪಿಡಿಎಫ್‌ನಲ್ಲಿ ಪ್ಯಾರಾ ಎಂಬುದೇ ಇರುವುದಿಲ್ಲ. ಪುಟದ ಯಾವ ಜಾಗದಲ್ಲಿ ಯಾವ ಅಕ್ಷರ ಕೂರಬೇಕೆಂದಷ್ಟೇ ಅದರಲ್ಲಿ ಬರೆದಿರುತ್ತದೆ. ವರ್ಡ್ ಅದನ್ನು ನೋಡಿ ಊಹಿಸುತ್ತದೆ, ಊಹೆ ತಪ್ಪಿದಲ್ಲಿ ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತಿದಂತೆ ಗುರುತು ಹಾಕುತ್ತದೆ. Ctrl+Shift+8 ಒತ್ತಿ ನೋಡಿ, ಸಾಲುಸಾಲಿಗೂ ¶ ಕಾಣಿಸಿದರೆ ನಿಮ್ಮ ರೋಗ ಅದೇ.

ಮೊದಲು ಕಡತದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿ. ವರದಿಯಲ್ಲಿ ಬೇರೆಲ್ಲೂ # ಇಲ್ಲವೆಂದು ಖಚಿತಪಡಿಸಿಕೊಂಡು, ಪ್ರತಿ ಶೀರ್ಷಿಕೆಯ ಕೊನೆಗೆ ಕೈಯಿಂದಲೇ ಒಂದು # ಹಾಕಿ. ಬಳಿಕ Ctrl+H ತೆರೆದು ^w^p ಇರುವಲ್ಲೆಲ್ಲ ^p ಹಾಕಿಸಿ, ಸಾಲಿನ ಕೊನೆಯ ಖಾಲಿ ಜಾಗಗಳು ಹೋಗುತ್ತವೆ. ಆಮೇಲೆ Use wildcards ಗುರುತು ಹಾಕಿ ಹೀಗೆ ಬರೆಯಿರಿ. \1 ಆದಮೇಲೆ ಒಂದು ಖಾಲಿ ಜಾಗ ಇರಲಿ.

```
Find what:    ([!.:#^13])^13
Replace with: \1 
```

ಪೂರ್ಣವಿರಾಮ, ವಿವರಣ ಚಿಹ್ನೆ ಅಥವಾ # ಇಲ್ಲದೆ ಮುಗಿಯುವ ಸಾಲು ಮುಂದಿನ ಸಾಲಿಗೆ ಕೂಡಿಕೊಳ್ಳುತ್ತದೆ. ವೈಲ್ಡ್‌ಕಾರ್ಡ್ ಹಾಕಿದಾಗ Find what ಪೆಟ್ಟಿಗೆಯಲ್ಲಿ ^p ನಡೆಯುವುದಿಲ್ಲ, ಅದಕ್ಕಾಗಿಯೇ ^13. ವಾಕ್ಯ ಅಕಸ್ಮಾತ್ ಸಾಲಿನ ಅಂಚಿಗೇ ಮುಗಿದಿದ್ದರೆ ಪ್ಯಾರಾ ಅಲ್ಲಿ ಒಡೆದೇ ಉಳಿಯುತ್ತದೆ. ಅಂಥವನ್ನು ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಓದಿಯೇ ಸರಿಪಡಿಸಬೇಕು. ಎಲ್ಲ ಮುಗಿದ ಮೇಲೆ # ಗುರುತುಗಳನ್ನು ಅಳಿಸಿ.

ಶಿರಹಟ್ಟಿಯ ಸದಸ್ಯರು: ನನಗೂ ಇಂಗ್ಲಿಷ್ ಅಕ್ಷರಗಳೇ ಬರುತ್ತಿವೆ, ಏನು ಮಾಡಲಿ?

ಡಿಟಿಪಿ ಕೇಂದ್ರದವರು: ಮೇಲೆ ಬರೆದಿದ್ದೇನೆ.

ಹಾವೇರಿಯ ಶಿಕ್ಷಕಿ: ನಮ್ಮದು ಯುನಿಕೋಡ್ ಕಡತ. ಆದರೂ ‘ಸರ್ಕಾರ’ ಎಂಬುದು ‘ಸಕಾರ್ರ’ ಆಗಿದೆ.

ಧಾರವಾಡದ ಸದಸ್ಯರು: ಯುನಿಕೋಡ್‌ನ ಹಣೆಬರಹವೇ ಇಷ್ಟು. ನುಡಿಯೇ ಮೇಲು.

ರಾಣೆಬೆನ್ನೂರಿನ ಸದಸ್ಯರು: ನುಡಿಯಲ್ಲಿ ಬರೆದದ್ದನ್ನು ಹುಡುಕಲೂ ಆಗುವುದಿಲ್ಲ. ಇಪ್ಪತ್ತು ವರ್ಷದ ಹಿಂದಿನ ಮಾತನ್ನು ಇನ್ನೂ ಆಡುತ್ತೀರಲ್ಲ ಸರ್!

ಧಾರವಾಡದ ಸದಸ್ಯರು: ಇಪ್ಪತ್ತು ವರ್ಷ ಅದರಲ್ಲೇ ಅನ್ನ ತಿಂದಿದ್ದೇನೆ. ನೀವು ನನಗೆ ಕಲಿಸಬೇಡಿ.

ಡಿಟಿಪಿ ಕೇಂದ್ರದವರು: ಜಗಳವನ್ನು ಬೇರೆಡೆ ಮುಂದುವರಿಸಿ. ಹಾವೇರಿಯ ಮೇಡಂ, ಬರೆಯುವಾಗ ‘ರ್’ ಮೊದಲು ಬರುತ್ತದೆ, ಪುಟದ ಮೇಲೆ ಅರ್ಕಾವೊತ್ತು ಅಕ್ಷರದ ಬಲಕ್ಕೆ ಕೂರುತ್ತದೆ. ಪಿಡಿಎಫ್‌ನಿಂದ ಹೊರಬರುವಾಗ ಕಣ್ಣಿಗೆ ಕಾಣುವ ಅನುಕ್ರಮದಲ್ಲೇ ಬಂದಿದೆ. ಸಕಾರ್ರ, ಕಾಯರ್ ಮುಂತಾದ ಪದಗಳನ್ನು ಒಂದೊಂದಾಗಿ Ctrl+H ಮೂಲಕ ಬದಲಿಸಿ. ಎಲ್ಲಕ್ಕೂ ಒಂದೇ ಸೂತ್ರ ಹಾಕಲು ಹೋದರೆ ‘ಕಂಪ್ಯೂಟರ್’ನಂಥ ಸರಿಯಾದ ಪದಗಳೂ ಕೆಡುತ್ತವೆ.

ಲಕ್ಷ್ಮೇಶ್ವರದ ಸದಸ್ಯರು: ಅಂಕಪಟ್ಟಿಯ ಕೋಷ್ಟಕದ ಗೆರೆಗಳು ಉಳಿದು ಅಂಕಿಗಳು ಮಾತ್ರ ಹೊರಗೆ ಬಂದಿವೆ. ಇದಕ್ಕೆ ದಾರಿ ಇದೆಯೇ?

ನವಲಗುಂದದ ಸದಸ್ಯರು: ಕಡತದ ಹೆಸರಿನ ಕೊನೆಯಲ್ಲಿರುವ .pdf ಅಳಿಸಿ .docx ಎಂದು ಬರೆದರೆ ಸಾಕಂತೆ. ಇಲ್ಲವಾದರೆ ಪುಕ್ಕಟೆ ವೆಬ್‌ಸೈಟುಗಳಿವೆ.

ಡಿಟಿಪಿ ಕೇಂದ್ರದವರು: ಹೆಸರು ಬದಲಿಸಿದರೆ ಒಳಗಿನದು ಬದಲಾಗುವುದಿಲ್ಲ, ಸರ್. ಇನ್ನು ಸಂಘದ ಸದಸ್ಯರ ಖಾತೆ ಸಂಖ್ಯೆಗಳಿರುವ ವರದಿಯನ್ನು ಯಾರದೋ ವೆಬ್‌ಸೈಟಿಗೆ ಏರಿಸಿ ಎನ್ನುತ್ತೀರಾ? ಬಂದದ್ದನ್ನೆಲ್ಲ ಇಲ್ಲಿಗೆ ತಳ್ಳುವ ಮೊದಲು ಒಮ್ಮೆ ನೀವೇ ಮಾಡಿ ನೋಡಿ.

ನವಲಗುಂದದ ಸದಸ್ಯರು: ಸಹಾಯ ಮಾಡಲು ಹೋದರೆ ಇದೇ ಮರ್ಯಾದೆ.

ಕಾರ್ಯದರ್ಶಿ: ಸಾಲುಗಳು ಕೂಡಿಕೊಂಡವು ಮೇಡಂ, ಧನ್ಯವಾದ. ಆದರೆ ಎಂಟನೆಯ ಪುಟದಲ್ಲಿ ‘ಲೆಕ್ಕ ಪರಿಶೋಧನೆ’ ಎಂಬ ಶೀರ್ಷಿಕೆ ಕೆಳಗಿನ ವಾಕ್ಯಕ್ಕೆ ಅಂಟಿಕೊಂಡಿದೆ.

ಡಿಟಿಪಿ ಕೇಂದ್ರದವರು: ಅಲ್ಲಿ # ಹಾಕಲು ಮರೆತಿದ್ದೀರಿ. ಅದೊಂದೇ ಆದರೆ ಶೀರ್ಷಿಕೆಯ ಕೊನೆಗೆ ಎಂಟರ್ ಒತ್ತಿ. ಇನ್ನೂ ನಾಲ್ಕೈದು ಕಡೆ ಹಾಗಾಗಿದ್ದರೆ ಉಳಿಸಿಟ್ಟ ಪ್ರತಿಯಿಂದ ಮತ್ತೆ ಆರಂಭಿಸಿ.