ಊರವರ ಮೆಸೇಜೆಲ್ಲ ಬರುತ್ತದೆ, ಬ್ಯಾಂಕಿನ ಓಟಿಪಿ ಮಾತ್ರ ಇಲ್ಲ

ಪ್ರಶ್ನೆ (ತೀರ್ಥಹಳ್ಳಿ ಹತ್ತಿರದ ಹಳ್ಳಿಯಿಂದ): ಅಮ್ಮನ ಫೋನಿಗೆ ಹದಿನೈದು ದಿನದಿಂದ ಬ್ಯಾಂಕಿನ ಓಟಿಪಿ ಬರುತ್ತಿಲ್ಲ. ನಾನು ಮೆಸೇಜ್ ಹಾಕಿದರೆ ಬರುತ್ತದೆ, ಗ್ಯಾಸ್ ಬುಕಿಂಗಿನದೂ ಬರುತ್ತದೆ. ಡಿಎನ್‌ಡಿ ಆಫ್ ಮಾಡಿದ್ದೇನೆ. ಸಿಮ್ ತೆಗೆದು ಅಪ್ಪನ ಹಳೇ ಕೀಪ್ಯಾಡ್ ಫೋನಿಗೂ ಹಾಕಿ ನೋಡಿದೆ, ಅದಕ್ಕೂ ಬರಲಿಲ್ಲ. ಅಂದರೆ ಬ್ಯಾಂಕಿನದೇ ತೊಂದರೆ ಅಲ್ವಾ? ಅವರು ನೋಡಿದರೆ ಕಳಿಸಿದ್ದೇವೆ ಅಂತಾರೆ. ಗೊಬ್ಬರದ ಅಂಗಡಿಗೆ ದುಡ್ಡು ಹಾಕಬೇಕು, ಈ ಮಳೆಯಲ್ಲಿ ಅಮ್ಮನನ್ನು ಕರೆದುಕೊಂಡು ಪೇಟೆಗೆ ಹೋಗುವುದು ಕಷ್ಟ.

ಶಿವಮೊಗ್ಗದ ಮೊಬೈಲ್ ಸರ್ವಿಸ್ ಅಂಗಡಿಯವರು: ಸಿಮ್ ಬದಲಿಸಿ ನೋಡಿದ್ದು ಒಳ್ಳೇ ಕೆಲಸ. ನಾನೂ ಮೊದಲು ಅದನ್ನೇ ಮಾಡುತ್ತೇನೆ. ಆದರೆ ಬ್ಯಾಂಕಿನ ಮೇಲೆ ಹಾಕುವ ಮುಂಚೆ ಆ ಕೀಪ್ಯಾಡ್ ಫೋನಿನ ಬಗ್ಗೆ ಎರಡು ವಿಷಯ ಹೇಳಿ. ಒಂದು, ಅದರಲ್ಲಿ ನೆಟ್‌ವರ್ಕ್ ಕಡ್ಡಿ ಬಂದಿತ್ತಾ? 4ಜಿ ಮಾತ್ರ ಕೊಡುವ ಕಂಪನಿಯ ಸಿಮ್ ಆದರೆ ಹಳೇ 2ಜಿ ಫೋನಿನಲ್ಲಿ ನಡೆಯುವುದೇ ಇಲ್ಲ. ಎರಡು, ಪರದೆ ಮೇಲ್ಗಡೆ ಕವರಿನ ಚಿತ್ರ ಮಿಣುಕುತ್ತಿತ್ತಾ? ಇನ್‌ಬಾಕ್ಸ್ ತೆರೆದು ಎಷ್ಟು ಮೆಸೇಜ್ ಇವೆ ನೋಡಿ.

ಇನ್ನೊಂದು, ಆಫ್ ಮಾಡಿದ್ದು ಯಾವ ಡಿಎನ್‌ಡಿ? ಫೋನಿನದಾ, ಜಾಹೀರಾತು ನಿಲ್ಲಿಸಲು 1909 ನಂಬರಿಗೆ ಹೇಳಿ ಹಾಕಿಸುವುದಾ?

ಅಲ್ಲಿವರೆಗೆ ಓಟಿಪಿ ಮೇಲೆ ಓಟಿಪಿ ಕೇಳಬೇಡಿ. ಸಾಮಾನ್ಯವಾಗಿ ಕೊನೆಯದು ಮಾತ್ರ ನಡೆಯುತ್ತದೆ. ಜಾಸ್ತಿ ಸಲ ಕೇಳಿದರೆ ಬ್ಯಾಂಕು ಕೆಲವು ಗಂಟೆ ಕೊಡುವುದನ್ನೇ ನಿಲ್ಲಿಸಬಹುದು.

ಸಾಗರದ ನಿವೃತ್ತ ಮೇಷ್ಟ್ರು: ಇದು 1909ರದೇ ತೊಂದರೆ. ನನಗೂ ಹೀಗೇ ಆಗಿತ್ತು. ಜಾಹೀರಾತು ಕಾಟ ತಡೆಯಲಾರದೆ ಎಲ್ಲ ಬಂದ್ ಮಾಡಿಸಿದ್ದೆ. ಒಂದು ಆನ್‌ಲೈನ್ ಅಂಗಡಿಯ ಕೋಡ್ ಬರುವುದು ನಿಂತೇ ಹೋಯಿತು. 1909ಕ್ಕೆ ಮೆಸೇಜ್ ಹಾಕಿ ಡಿಎನ್‌ಡಿ ತೆಗೆಸಿದ ಮೇಲೆ ಬಂತು. ಅದನ್ನೇ ಮಾಡಿಸಿ.

ಮೊಬೈಲ್ ಅಂಗಡಿಯವರು: ಮೇಷ್ಟ್ರೇ, ನಿಮಗೆ ಆಗಿದ್ದು ಸುಳ್ಳಲ್ಲ. ಆದರೆ ಇಲ್ಲಿ ಅದು ಕಾರಣ ಅಲ್ಲ ಅನಿಸುತ್ತದೆ. 1909ರಲ್ಲಿ ಎಲ್ಲ ಬಂದ್ ಮಾಡಿಸಿದರೂ ನಿಲ್ಲುವುದು ಜಾಹೀರಾತಿನ ಮೆಸೇಜು. ಬ್ಯಾಂಕಿನ ಓಟಿಪಿಯನ್ನು ಅದು ತಡೆಯಬಾರದು, ನಿಯಮವೇ ಹಾಗಿದೆ. ನಿಮ್ಮ ಆನ್‌ಲೈನ್ ಅಂಗಡಿಯವರು ಕೋಡನ್ನೂ ಜಾಹೀರಾತಿನ ದಾರಿಯಲ್ಲೇ ಕಳಿಸುತ್ತಿದ್ದರೆ ಅದು ಸಿಕ್ಕಿಬಿದ್ದಿರಬಹುದು. ಸಣ್ಣ ಕಂಪನಿಗಳಲ್ಲಿ ಆ ತಪ್ಪು ಆಗುತ್ತದೆ. ಕಳಿಸಿದವರ ಹೆಸರಿನ ಕೊನೆ ನೋಡಿದರೆ ಗೊತ್ತಾಗುತ್ತದೆ. 2025ರಿಂದ ಹೆಸರಿನ ಕೊನೆಗೆ ಒಂದು ಅಕ್ಷರ ಬರುತ್ತಿದೆ ನೋಡಿ:

```
VM-ABCBNK-P
VM-ABCBNK-S
VM-ABCBNK-T
```

P ಅಂದರೆ ಜಾಹೀರಾತು. S ಸೇವೆಗೆ ಸಂಬಂಧಿಸಿದ್ದು, T ವ್ಯವಹಾರದ್ದು. ಸರ್ಕಾರದ್ದಾದರೆ G. ಓಟಿಪಿ ಬರುವುದು ಹೆಚ್ಚಾಗಿ S ಅಥವಾ T ಇರುವ ಹೆಸರಿನಿಂದ. ABCBNK ಅನ್ನುವುದು ನಾನು ಸುಮ್ನೆ ಬರೆದ ಹೆಸರು, ಅಲ್ಲಿ ನಿಮ್ಮ ಬ್ಯಾಂಕಿನದು ಇರುತ್ತದೆ.

ಪ್ರಶ್ನೆ ಕೇಳಿದವರು: ಅಣ್ಣ, ಆಫ್ ಮಾಡಿದ್ದು ಫೋನಿನದು, ಮೇಲಿಂದ ಎಳೆದರೆ ಬರುವ ಚಂದ್ರನ ಗುರುತಿನ ಪಕ್ಕದ್ದು. 1909ಕ್ಕೆ ನಾವು ಯಾವತ್ತೂ ಏನೂ ಹಾಕಿಲ್ಲ. ಕೀಪ್ಯಾಡಿನಲ್ಲಿ ಕಡ್ಡಿ ಪೂರ್ತಿ ಇತ್ತು, ಫೋನೂ ಹೋಗುತ್ತಿತ್ತು. ಕವರು ಮಿಣುಕುತ್ತಿದ್ದದ್ದು ಹೌದು! ಹೊಸ ಮೆಸೇಜ್ ಇದೆ ಅಂದುಕೊಂಡು ತೆರೆದರೆ ಎಲ್ಲ ಹಳೆಯವೇ, ಅಪ್ಪ ಒಂದನ್ನೂ ಅಳಿಸಿಲ್ಲ.

ಮೊಬೈಲ್ ಅಂಗಡಿಯವರು: ಹಾಗಾದರೆ ನಿಮ್ಮ ಪರೀಕ್ಷೆಯೇ ಕೆಟ್ಟಿತ್ತು. ಮಿಣುಕುವ ಕವರು ಅಂದರೆ ‘ಜಾಗ ಇಲ್ಲ, ಹೊರಗೆ ಮೆಸೇಜ್ ಕಾಯುತ್ತಿದೆ’ ಅಂತ. ಅಡಿಕೆ ತುಂಬಿದ ಅಂಕಣದ ಹಾಗೆ, ಇನ್ನೊಂದು ಮೂಟೆ ಬಂದರೆ ಬಾಗಿಲಲ್ಲೇ ನಿಲ್ಲಬೇಕು. ಮೆಸೇಜ್ ಬಂದಾಗ ಫೋನು ನೆಟ್‌ವರ್ಕಿಗೆ ಜಾಗ ಇಲ್ಲ ಅಂತ ತಿರುಗಿ ಹೇಳುತ್ತದೆ. ಕಂಪನಿಯ ಮೆಸೇಜ್ ಸೆಂಟರು ಅದನ್ನು ಎಸೆಯುವುದಿಲ್ಲ, ಇಟ್ಟುಕೊಳ್ಳುತ್ತದೆ. ನೀವು ಹಳೆಯದನ್ನು ಅಳಿಸಿದ ಕೂಡಲೇ ಫೋನು ‘ಈಗ ಜಾಗ ಆಯಿತು’ ಅಂತ ತಾನಾಗಿ ತಿಳಿಸುತ್ತದೆ, ಆಗ ಕಾಯುತ್ತಿದ್ದವು ಒಟ್ಟಿಗೆ ಬರುತ್ತವೆ. ಆದರೆ ಕಾಯುವುದಕ್ಕೂ ಒಂದು ಅವಧಿ ಇದೆ, ಅದು ಮುಗಿದದ್ದು ಬರುವುದಿಲ್ಲ.

ಈಗ ಹೀಗೆ ಮಾಡಿ. ಸಿಮ್ಮನ್ನು ಮತ್ತೆ ಕೀಪ್ಯಾಡಿಗೆ ಹಾಕಿ. ಏನನ್ನೂ ಅಳಿಸದೆ ಒಂದೇ ಒಂದು ಓಟಿಪಿ ಕೇಳಿ. ಎರಡು ನಿಮಿಷ ಬಿಟ್ಟು ಇಪ್ಪತ್ತು ಮೆಸೇಜ್ ಅಳಿಸಿ, ಸುಮ್ಮನೆ ಕೂತು ನೋಡಿ. ಫೋನಿನ ನೆನಪು ಬೇರೆ, ಸಿಮ್ಮಿನ ನೆನಪು ಬೇರೆ. ಮೆಸೇಜು ಎರಡರಲ್ಲೂ ಉಳಿದಿರಬಹುದು, ಎರಡನ್ನೂ ನೋಡಿ.

ಕೊಪ್ಪದಿಂದ ಒಬ್ಬರು: ನನ್ನ ಫೋನಿಂದ ಮೆಸೇಜ್ ಹೋಗುವುದೇ ಇಲ್ಲ, ಕೆಂಪು ಗುರುತು ಬರುತ್ತದೆ. ಇದಕ್ಕೂ ಇನ್‌ಬಾಕ್ಸ್ ಅಳಿಸಬೇಕಾ?

ಮೊಬೈಲ್ ಅಂಗಡಿಯವರು: ಬೇಡ, ಅದು ಹೋಗುವ ಮೆಸೇಜಿನ ಕಥೆ, ಇದು ಬರುವುದರದು. ಪ್ಲಾನಿನಲ್ಲಿ ಎಸ್ಸೆಮ್ಮೆಸ್ ಉಳಿದಿದೆಯಾ ಮೊದಲು ನೋಡಿ. ಬೇರೆ ಪ್ರಶ್ನೆಯಾಗಿ ಹಾಕಿ, ಇಲ್ಲಿ ಕಲಸುಮೇಲೋಗರ ಆಗುತ್ತದೆ.

ಪ್ರಶ್ನೆ ಕೇಳಿದವರು: ಅಣ್ಣ, ಬಂತು! ನೀವು ಹೇಳಿದ ಹಾಗೇ ಲ್ಯಾಪ್‌ಟಾಪಿನಲ್ಲಿ ಓಟಿಪಿ ಕೇಳಿದೆ, ಬರಲಿಲ್ಲ. ಅಪ್ಪನನ್ನು ಒಪ್ಪಿಸಿ ಮೆಸೇಜ್ ಅಳಿಸುವ ಹೊತ್ತಿಗೆ ಕಾಲು ಗಂಟೆ ಆಯಿತು. ಅಳಿಸಿದ ಸ್ವಲ್ಪ ಹೊತ್ತಿಗೆ ಅದೇ ಓಟಿಪಿ ಬಂತು, ಅಷ್ಟರಲ್ಲಿ ಅವಧಿ ಮುಗಿದಿತ್ತು. ಇನ್ನೊಂದು ಕೇಳಿದೆ, ಕೂಡಲೇ ಬಂತು. ಗೊಬ್ಬರದ ದುಡ್ಡು ಹೋಯಿತು. ಆದರೆ ಸಿಮ್ ಅಮ್ಮನ ಫೋನಿಗೆ ವಾಪಸ್ ಹಾಕಿದರೆ ಮತ್ತೆ ಅದೇ ಕಥೆ. ಅದರಲ್ಲೂ ಜಾಗ ಇಲ್ಲವೇ? ವಾಟ್ಸಾಪಿನ ಶುಭೋದಯದ ವಿಡಿಯೋಗಳೇ ತುಂಬಿವೆ.

ಮೊಬೈಲ್ ಅಂಗಡಿಯವರು: ಒಳ್ಳೇದಾಯಿತು. ಬ್ಯಾಂಕು, ಸಿಮ್ಮು, ಟವರು ಮೂರೂ ಸರಿ ಇವೆ ಅಂತ ಗೊತ್ತಾಯಿತು. ಇನ್ನು ಉಳಿದದ್ದು ಅಮ್ಮನ ಫೋನು.

ಆಂಡ್ರಾಯ್ಡ್ ಫೋನು ಕಂಠಪೂರ್ತಿ ತುಂಬಿದರೆ ಮೆಸೇಜ್ ತೆಗೆದುಕೊಳ್ಳುವುದಿಲ್ಲ, ಅದು ನಿಜ. ಆದರೆ ಜಾಗ ಇಲ್ಲದ ಫೋನು ಕಳಿಸಿದ್ದು ಯಾರು ಅಂತ ನೋಡುವುದಿಲ್ಲ. ನಿಮ್ಮದೂ ಬರಬಾರದು, ಗ್ಯಾಸಿನದೂ ಬರಬಾರದು. ನಿಮ್ಮಲ್ಲಿ ಅವೆರಡೂ ಬರುತ್ತಿವೆ. ಚಂದ್ರನ ಪಕ್ಕದ ಡಿಎನ್‌ಡಿಯೂ ಅಷ್ಟೇ, ಅದು ಸದ್ದು ನಿಲ್ಲಿಸುತ್ತದೆ, ಮೆಸೇಜನ್ನಲ್ಲ. ಒಬ್ಬರದು ಮಾತ್ರ ಬರುತ್ತಿಲ್ಲ ಅಂದರೆ ಆ ಒಬ್ಬರನ್ನು ಯಾರೋ ತಡೆದಿದ್ದಾರೆ.

ಗೂಗಲ್‌ನ Messages ಆದರೆ ಹುಡುಕುವ ಜಾಗ ಎರಡು. ಮೇಲೆ ಬಲಗಡೆ ಅಮ್ಮನ ಖಾತೆಯ ದುಂಡು ಚಿತ್ರ ಒತ್ತಿ, Spam & blocked ತೆರೆಯಿರಿ. ಆಮೇಲೆ ಆ ಪುಟದ ಮೇಲಿನ ಮೂರು ಚುಕ್ಕೆ ಒತ್ತಿ, ತಡೆದವರ ಪಟ್ಟಿಯನ್ನೂ ನೋಡಿ. ಫೋಲ್ಡರ್ ಖಾಲಿ ಇದೆ ಅಂತ ನಿಲ್ಲಿಸಬೇಡಿ. ಕೆಲವು ಫೋನಿನಲ್ಲಿ ತಡೆದವರ ಹೊಸ ಮೆಸೇಜು ಫೋಲ್ಡರಿಗೂ ಬರುವುದಿಲ್ಲ, ಪಟ್ಟಿಯಲ್ಲಿ ಹೆಸರು ಮಾತ್ರ ಇರುತ್ತದೆ. ಫೋನ್ ಕಂಪನಿಯದೇ ಮೆಸೇಜ್ ಆಪ್ ಇದ್ದರೆ ಹೆಸರು ಬೇರೆ ಇರುತ್ತದೆ, ಅದರ ಸೆಟ್ಟಿಂಗ್ಸಿನಲ್ಲಿ ಬ್ಲಾಕ್ ಅನ್ನುವ ಮಾತನ್ನು ಹುಡುಕಿ. ಯಾರ ಫೋನು ಅಂತ ತೋರಿಸುವ ಆಪ್ ಹಾಕಿಕೊಂಡು, ಮೆಸೇಜಿನ ಕೆಲಸವನ್ನೂ ಅದಕ್ಕೇ ಕೊಟ್ಟಿದ್ದರೆ, ಅದರಲ್ಲಿ ಬೇರೆಯೇ ಜರಡಿ ಇರುತ್ತದೆ.

ಪ್ರಶ್ನೆ ಕೇಳಿದವರು: ಸಿಕ್ಕಿತು. Spam & blocked ಒಳಗೆ ಬ್ಯಾಂಕಿನ ಮೆಸೇಜು ರಾಶಿ ಬಿದ್ದಿವೆ, ಓಟಿಪಿ ಒಂಬತ್ತು. ಅಮ್ಮನನ್ನು ಕೇಳಿದರೆ, ‘ದಿನಾ ಬೆಳಗಾದರೆ ಸಾಲ ಬೇಕಾ ಅಂತ ಕೇಳುತ್ತಿತ್ತು ಕಣೋ, ಬೇಡ ಅಂತ ಒತ್ತಿದೆ’ ಅಂದರು. ಆದರೆ ಅಣ್ಣ, ಮೊದಲ ವಾರ ಒಂದೆರಡು ಓಟಿಪಿ ಬಂದಿದ್ದವು. ತಡೆದಿದ್ದರೆ ಅವು ಹೇಗೆ ಬಂದವು?

ಮೊಬೈಲ್ ಅಂಗಡಿಯವರು: ಇದೇ ಜನರನ್ನು ದಾರಿ ತಪ್ಪಿಸುವ ಜಾಗ. ಹೆಸರಿನ ಮುಂದಿನ ಎರಡು ಅಕ್ಷರ ಬ್ಯಾಂಕಿನದಲ್ಲ. ಮೊದಲ ಅಕ್ಷರ ಮೆಸೇಜ್ ಹೊತ್ತು ತಂದ ಮೊಬೈಲ್ ಕಂಪನಿಯದು, ಎರಡನೆಯದು ವಲಯದ್ದು. ಬ್ಯಾಂಕು ಇವತ್ತು ಒಬ್ಬರ ಮೂಲಕ ಕಳಿಸುತ್ತದೆ, ನಾಳೆ ಇನ್ನೊಬ್ಬರ ಮೂಲಕ. ಫೋನಿಗೆ ಅದು ಗೊತ್ತಾಗುವುದಿಲ್ಲ, ಅದರ ಲೆಕ್ಕದಲ್ಲಿ ಇವು ಇಬ್ಬರು ಬೇರೆ ಬೇರೆ ಜನ:

```
VM-ABCBNK-S
JD-ABCBNK-S
```

ಮೊದಲನೆಯದನ್ನು ತಡೆದರೆ ಎರಡನೆಯದು ಬರುತ್ತಲೇ ಇರುತ್ತದೆ. ಅದಕ್ಕೇ ಒಮ್ಮೆ ಬಂದು ಒಮ್ಮೆ ಬರದ ಹಾಗೆ ಕಾಣುತ್ತದೆ, ನಾವು ಟವರಿಗೆ ಬೈಯುತ್ತೇವೆ. ಅಮ್ಮ ಎರಡು ಸಲ ‘ಬೇಡ’ ಒತ್ತಿರಬೇಕು, ಆಮೇಲೆ ಎರಡೂ ನಿಂತಿವೆ. ಪಟ್ಟಿಯಲ್ಲಿ ಬ್ಯಾಂಕಿನ ಹೆಸರು ಎಷ್ಟು ಸಲ ಇದೆಯೋ ಅಷ್ಟೂ ಬಿಡಿಸಿ. ಕೊನೆಯಲ್ಲಿ P ಇರುವುದು ಸಿಕ್ಕರೆ ಅದನ್ನು ತಡೆದೇ ಇಡಿ, ಓಟಿಪಿಗೆ ತೊಂದರೆ ಇಲ್ಲ.

ಪ್ರಶ್ನೆ ಕೇಳಿದವರು: ಮೂರು ಇದ್ದವು. P ಇರುವುದು ಒಂದೂ ಇಲ್ಲ. ಸಾಲದ ಮೆಸೇಜನ್ನೂ S ಹೆಸರಲ್ಲೇ ಕಳಿಸಿದ್ದಾರೆ! ಮೂರನ್ನೂ ಬಿಡಿಸಿದೆ. ಈಗ ಅಮ್ಮನ ಫೋನಿಗೇ ಓಟಿಪಿ ಬಂತು. ಸಾಲದ್ದೂ ಬರುತ್ತದಲ್ಲ, ಅಮ್ಮ ಮತ್ತೆ ಒತ್ತುತ್ತಾರೆ.

ಮೊಬೈಲ್ ಅಂಗಡಿಯವರು: ಜಾಹೀರಾತನ್ನು ಸೇವೆಯ ಹೆಸರಲ್ಲಿ ಕಳಿಸಿದ್ದು ಅವರ ತಪ್ಪು. 1909ಕ್ಕೆ ದೂರು ಕೊಡಬಹುದು, ಮೆಸೇಜ್ ಅಳಿಸದೆ ಇಟ್ಟುಕೊಳ್ಳಿ. ದೂರು ಕೊಟ್ಟ ಕೂಡಲೇ ನಿಲ್ಲುತ್ತದೆ ಅಂತ ನಾನು ಹೇಳಲಾರೆ. ಅಮ್ಮನಿಗೆ ಬ್ಲಾಕ್ ಬದಲು ಆ ಹೆಸರಿನ ಸದ್ದು ಮಾತ್ರ ತೆಗೆದುಕೊಡಿ, ಆದರೆ ಓಟಿಪಿಗೂ ಸದ್ದು ಇರುವುದಿಲ್ಲ, ಆಪ್ ತೆರೆದು ನೋಡಬೇಕು.

ಹೊಸನಗರದವರು: ನನ್ನದೂ ಇದೇ. ಹೊಳೆ ದಾಟುವಾಗ ಫೋನು ಬಿತ್ತು, ನಿನ್ನೆ ಮಧ್ಯಾಹ್ನ ಅದೇ ನಂಬರಿನ ಹೊಸ ಸಿಮ್ ತಂದೆ. ಯಾವ ಮೆಸೇಜೂ ಇಲ್ಲ. ಬ್ಲಾಕ್ ಪಟ್ಟಿ ಖಾಲಿ.

ಮೊಬೈಲ್ ಅಂಗಡಿಯವರು: ನಿಮ್ಮದು ಇದಲ್ಲ. ಕಳೆದ ಸಿಮ್ ಬದಲು ಹೊಸದು ತಂದರೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬಂದ್ ಇರುತ್ತದೆ. ಬೇರೆಯವರು ನಿಮ್ಮ ಹೆಸರಲ್ಲಿ ಸಿಮ್ ತೆಗೆಸಿ ಓಟಿಪಿ ಕದಿಯಬಾರದು ಅಂತ. ಇವತ್ತು ಸಂಜೆವರೆಗೆ ಏನೂ ಕೆದಕಬೇಡಿ.

ಆಗುಂಬೆ ಕಡೆಯವರು: ನಮ್ಮ ಮನೆಯಲ್ಲಿ ಬ್ಲಾಕೂ ಇಲ್ಲ, ಜಾಗವೂ ಇದೆ. ಓಟಿಪಿ ಬರಬೇಕಾದರೆ ಗೇಟಿನ ಹತ್ತಿರ ಕೊಡೆ ಹಿಡಿದು ನಿಲ್ಲಬೇಕು. ವಾಪಸ್ ಬಂದು ಒತ್ತುವಷ್ಟರಲ್ಲಿ ಟೈಮ್ ಮುಗಿಯುತ್ತದೆ.

ಮೊಬೈಲ್ ಅಂಗಡಿಯವರು: ಮನೆಯಲ್ಲಿ ವೈಫೈ ಇದ್ದರೆ ಫೋನಿನ ಸೆಟ್ಟಿಂಗ್ಸಿನಲ್ಲಿ Wi-Fi calling ಆನ್ ಮಾಡಿ ನೋಡಿ. ಕೆಲವರಿಗೆ ಅದರ ಮೇಲೇ ಎಸ್ಸೆಮ್ಮೆಸ್ ಬರುತ್ತದೆ, ಕೆಲವರಿಗೆ ಕರೆ ಮಾತ್ರ ನಡೆಯುತ್ತದೆ. ಸಿಮ್ ಯಾವ ಕಂಪನಿಯದು, ಫೋನ್ ಯಾವುದು ಅಂತ ಹಾಕಿ.

ಆಗುಂಬೆ ಕಡೆಯವರು: ಆನ್ ಮಾಡಿದೆ. ಕರೆ ಬಂತು. ಓಟಿಪಿ ಒಂದು ಬಂತು, ಇನ್ನೊಂದು ಬರಲಿಲ್ಲ. ಕರೆಂಟ್ ಹೋಯಿತು, ವೈಫೈಯೂ ಹೋಯಿತು. ನಾಳೆ ನೋಡಿ ಹೇಳುತ್ತೇನೆ.